ಟ್ರ್ಯಾಕ್ಟರ್ ಸಾಲದೊಳಗೆ ಅಡಗಿ ಕುಳಿತ ಇಪ್ಪತ್ತೈದು ಸಾವಿರ

ನಮ್ಮ ಮನೆಯ ಲೆಕ್ಕದ ಪುಸ್ತಕ ಇರುವುದು ನನ್ನ ಹೆಂಡತಿಯ ಕೈಯಲ್ಲಿ. ಗೊಬ್ಬರದ ಚೀಟಿ, ಕೂಲಿ, ಅಡಿಕೆ ಮಂಡಿಯ ಪಟ್ಟಿ ಎಲ್ಲವನ್ನೂ ಅವಳೇ ಬರೆದಿಡುತ್ತಾಳೆ. 2021ರ ನವೆಂಬರಿನಲ್ಲಿ ಟ್ರ್ಯಾಕ್ಟರ್ ತಂದೆವು. ಪೂಜೆ ಮುಗಿದು ಒಂದು ವಾರ ಆಗಿತ್ತು. ರಾತ್ರಿ ಊಟ ಆದ ಮೇಲೆ ಅವಳು ಸಾಲದ ಕಾಗದಗಳನ್ನು ಹರಡಿಕೊಂಡು ಕೂತಳು. "ಷೋರೂಮಿಗೆ ಸಾಲದಿಂದ ಬಂದಿದ್ದು ಐದು ಲಕ್ಷ. ಇಲ್ಲಿ ಸಾಲ ಐದು ಲಕ್ಷದ ಇಪ್ಪತ್ತೈದು ಸಾವಿರ ಅಂತಿದೆ. ಆ ಇಪ್ಪತ್ತೈದು ಸಾವಿರ ಯಾರಿಗೆ ಹೋಯ್ತು?" ಎಂದು ಕೇಳಿದಳು.

ನನ್ನ ಬಳಿ ಉತ್ತರ ಇರಲಿಲ್ಲ. ಸಹಿ ಹಾಕಿದವನು ನಾನೇ. ಒಂದಲ್ಲ ಎರಡಲ್ಲ, ಸುಮಾರು ಮೂವತ್ತು ಕಡೆ ಹಾಕಿದ್ದೆ.

ಮಾರನೆಯ ದಿನ ಸಾಲ ಕೊಟ್ಟ ಕಂಪನಿಯ ಹುಡುಗನಿಗೆ ಫೋನ್ ಮಾಡಿದೆ. ಅವನು ಸ್ವಲ್ಪವೂ ತಡವರಿಸಲಿಲ್ಲ. "ಅದು ಇನ್ಶೂರೆನ್ಸು ಯಜಮಾನ್ರೇ. ನಿಮಗೇನಾದ್ರೂ ಆದ್ರೆ ಮನೆಯವರಿಗೆ ಸಾಲದ ತಲೆನೋವು ಬರಬಾರದಲ್ಲ. ಅವತ್ತೇ ಹೇಳಿದ್ದೆ. ಇದಿಲ್ಲದೆ ಫೈಲ್ ಪಾಸಾಗಲ್ಲ. ನೀವು ಕೈಯಿಂದ ಒಂದು ಪೈಸೆ ಕೊಟ್ಟಿಲ್ಲ ನೋಡಿ, ಸಾಲದಲ್ಲೇ ಸೇರಿಸಿದ್ದೀವಿ" ಅಂದ.

ಅವನು ಹೇಳಿದ್ದು ನಿಜ. ಅವತ್ತು "ಇನ್ಶೂರೆನ್ಸ್" ಎಂಬ ಮಾತು ಬಂದಿತ್ತು. ನಾನು ಅದನ್ನು ಗಾಡಿಯ ಇನ್ಶೂರೆನ್ಸ್ ಎಂದುಕೊಂಡೆ. ಬಹಳ ಜನ ಎಡವುವುದು ಇಲ್ಲೇ. ರಸ್ತೆಗೆ ಇಳಿಯುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಇರಲೇಬೇಕು. ಸಾಲಗಾರನ ಜೀವದ ಮೇಲಿನ ವಿಮೆ ಬೇರೆಯೇ ಸಂಗತಿ. ಅದನ್ನು ಮಾಡಿಸಲೇಬೇಕು ಎಂದು ಹೇಳುವ ಕಾಯಿದೆ ಯಾವುದೂ ಇಲ್ಲ. ಎರಡಕ್ಕೂ ಒಂದೇ ಹೆಸರು ಇರುವುದರಿಂದ "ಇನ್ಶೂರೆನ್ಸ್ ಕಂಪಲ್ಸರಿ" ಎಂಬ ಮಾತು ಅರ್ಧ ಸತ್ಯವಾಗಿ ನಮ್ಮ ಕಿವಿಗೆ ಬೀಳುತ್ತದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅದೇ ದಿನ ಅದೇ ಷೋರೂಮಿನಲ್ಲಿ ರೋಟವೇಟರಿಗೆ ಎರಡು ಸಾವಿರ ಕಡಿಮೆ ಮಾಡಿಸಲು ನಾನು ಒಂದು ಗಂಟೆ ಚೌಕಾಸಿ ಮಾಡಿದ್ದೆ. ಇಪ್ಪತ್ತೈದು ಸಾವಿರ ನಗದು ಎಣಿಸಿ ಕೊಡಿ ಎಂದಿದ್ದರೆ ಎದ್ದು ಬರುತ್ತಿದ್ದೆ. "ಕೈಯಿಂದ ಕೊಡಬೇಕಾಗಿಲ್ಲ" ಎಂದ ಕೂಡಲೇ ಅದು ದುಡ್ಡು ಅಂತಲೇ ಅನ್ನಿಸಲಿಲ್ಲ.

ಇದು ಎಂಥ ವಿಮೆ

ಇದಕ್ಕೆ ಗ್ರೂಪ್ ಕ್ರೆಡಿಟ್ ಲೈಫ್ ಎನ್ನುತ್ತಾರೆ. ಲೋನ್ ಸುರಕ್ಷಾ, ಲೋನ್ ಪ್ರೊಟೆಕ್ಟ್ ಎಂದು ಒಬ್ಬೊಬ್ಬರದು ಒಂದೊಂದು ಹೆಸರು. ವಿಮಾ ಕಂಪನಿಯ ಜೊತೆ ಮೂಲ ಪಾಲಿಸಿ ಮಾಡಿಕೊಂಡವರು ಸಾಲ ಕೊಟ್ಟ ಸಂಸ್ಥೆಯವರು. ನಾವು ಅದರ ಒಬ್ಬ ಸದಸ್ಯ ಅಷ್ಟೆ. ನಮ್ಮ ಕೈಗೆ ಬರಬೇಕಾದದ್ದು ವಿಮಾ ಪ್ರಮಾಣಪತ್ರ. ಐದು ವರ್ಷದ ಸಾಲ ಆದರೆ ಐದು ವರ್ಷದ್ದೂ ಪ್ರೀಮಿಯಂ ಒಂದೇ ಸಲ, ಮೊದಲ ದಿನವೇ. ಸಿಂಗಲ್ ಪ್ರೀಮಿಯಂ ಎಂದರೆ ಇದೇ. ಆ ಹಣವನ್ನು ಸಾಲದ ಅಸಲಿಗೆ ಸೇರಿಸಿ, ಸಂಸ್ಥೆಯವರು ನಮ್ಮ ಹೆಸರಿನಲ್ಲಿ ವಿಮಾ ಕಂಪನಿಗೆ ಕಳಿಸುತ್ತಾರೆ.

ನನ್ನ ಪತ್ರದಲ್ಲಿ ಪ್ರೀಮಿಯಂ 21,186 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 3,814, ಒಟ್ಟು 25,000 ಎಂದಿತ್ತು. ಆಗ ನನಗೆ 48 ವರ್ಷ. ಜೀವವಿಮೆಯ ಜೊತೆಗೆ ಅಪಘಾತ, ಆಸ್ಪತ್ರೆ ಖರ್ಚು ಎಂದು ಇನ್ನೂ ಎರಡನ್ನು ಅಂಟಿಸಿದ್ದರು. ವಿಮೆಯ ಮೊತ್ತ ಐದು ಲಕ್ಷದ ಇಪ್ಪತ್ತೈದು ಸಾವಿರ. ಅಂದರೆ ವಿಮೆ ಕೊಳ್ಳಲು ಮಾಡಿದ ಸಾಲಕ್ಕೂ ವಿಮೆ! ಇದನ್ನು ಓದಿ ನಮ್ಮ ಸೊಸೈಟಿಯ ಹಳೆಯ ಕಾರ್ಯದರ್ಶಿಗಳು ಬಹಳ ಹೊತ್ತು ನಕ್ಕರು.

ಇದರಲ್ಲಿ ಸಾಲ ಕೊಡುವವರಿಗೆ ಏನು ಲಾಭ? ಒಂದು, ವಿಮಾ ಕಂಪನಿಯಿಂದ ಅವರಿಗೆ ಕಮಿಷನ್ ಬರುತ್ತದೆ. ಎರಡು, ಆ ಪ್ರೀಮಿಯಮ್ಮಿನ ಮೇಲೂ ನಮ್ಮಿಂದ ಬಡ್ಡಿ ಬರುತ್ತದೆ. ಮೂರು, ಸಾಲಗಾರ ಸತ್ತರೂ ಅವರ ದುಡ್ಡು ಭದ್ರ. ಮೂರನೆಯದು ನಮಗೂ ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. ಆದರೆ ಹುಡುಗರು ನಮ್ಮ ಮುಂದೆ ಹೇಳುವುದು ಮೂರನೆಯದನ್ನು ಮಾತ್ರ.

ಹೆಂಡತಿಯ ಲೆಕ್ಕ

ಬಡ್ಡಿ ವರ್ಷಕ್ಕೆ ಶೇ. 14. ಆರು ತಿಂಗಳಿಗೊಂದು ಕಂತು, ಹತ್ತು ಕಂತು. ಅಂದರೆ ಪ್ರತಿ ಅರ್ಧ ವರ್ಷಕ್ಕೆ ಉಳಿದ ಅಸಲಿನ ಮೇಲೆ ಶೇ. 7 ಬಡ್ಡಿ. ಮೇ ಮತ್ತು ನವೆಂಬರಿನಲ್ಲಿ ಕಟ್ಟಬೇಕಾದ ಕಂತು 74,748 ರೂಪಾಯಿ.

ಮಗಳು ಬಿ.ಕಾಂ. ಓದುತ್ತಿದ್ದಳು. ಬರೀ ಐದು ಲಕ್ಷಕ್ಕೆ ಎಷ್ಟು ಕಂತು ಬರುತ್ತಿತ್ತು ಎಂದು ಅವಳ ಕೈಯಲ್ಲಿ ಲೆಕ್ಕ ಹಾಕಿಸಿದೆವು. 71,189 ಬಂತು. ವ್ಯತ್ಯಾಸ ಕಂತಿಗೆ 3,559 ರೂಪಾಯಿ. ಎಪ್ಪತ್ತು ಸಾವಿರದ ಕಂತಿನಲ್ಲಿ ಮೂರೂವರೆ ಸಾವಿರ ಯಾರ ಕಣ್ಣಿಗೆ ಕಾಣುತ್ತದೆ? ಆದರೆ ಹತ್ತು ಕಂತಿಗೆ ಅದು 35,590 ಆಯಿತು. ಇಪ್ಪತ್ತೈದು ಸಾವಿರದ ವಿಮೆಗೆ ನಾವು ಕೊಡಬೇಕಾದದ್ದು ಮೂವತ್ತೈದೂವರೆ ಸಾವಿರ. ಮೇಲಿನ ಹತ್ತು ಸಾವಿರ ಚಿಲ್ಲರೆ ವಿಮೆ ಅಲ್ಲ, ಬರೀ ಬಡ್ಡಿ.

ಮೊದಲ ಕಂತಿನಲ್ಲಿ ಈ 3,559ರ ಪೈಕಿ 1,750 ಬಡ್ಡಿಗೇ ಹೋಗುತ್ತದೆ, ಏಕೆಂದರೆ ಇಪ್ಪತ್ತೈದು ಸಾವಿರಕ್ಕೆ ಶೇ. 7 ಅಷ್ಟಾಗುತ್ತದೆ. ಅಸಲಿಗೆ ಜಮೆ ಆಗುವುದು ಅರ್ಧ ಮಾತ್ರ. ಪ್ರೀಮಿಯಂ ಬೇಗ ತೀರಿ ಆಮೇಲೆ ಟ್ರ್ಯಾಕ್ಟರ್ ಸಾಲ ತೀರುತ್ತದೆ ಎಂದೇನಿಲ್ಲ. ಎರಡೂ ಒಂದೇ ಗಂಟು. ಕೊನೆಯ ಕಂತಿನವರೆಗೂ ಅದು ಜೊತೆಗೇ ಬರುತ್ತದೆ.

ಈಗ ಇನ್ನೊಂದು ಕಡೆಯಿಂದ ನೋಡಿ. ನನ್ನ ಕೆಲಸಕ್ಕೆ ಬಂದ ಹಣ ಐದು ಲಕ್ಷ. ನಾನು ಕಟ್ಟುವುದು 74,748ರ ಹತ್ತು ಕಂತು. ಐದು ಲಕ್ಷ ಪಡೆದು ಇಷ್ಟು ಕಟ್ಟಿದರೆ ನಿಜವಾದ ಬಡ್ಡಿ ಎಷ್ಟು ಬೀಳುತ್ತದೆ? ಅರ್ಧ ವರ್ಷಕ್ಕೆ ಶೇ. 8ರ ಸ್ವಲ್ಪ ಮೇಲೆ, ವರ್ಷಕ್ಕೆ ಶೇ. 16ಕ್ಕಿಂತ ಒಂದು ಕೂದಲು ಹೆಚ್ಚು. ಸಾಲದ ಪತ್ರದಲ್ಲಿ ಎಲ್ಲಿ ಹುಡುಕಿದರೂ 14 ಎಂದೇ ಇದೆ. ಪಕ್ಕದ ಪೇಟೆಯ ಬ್ಯಾಂಕಿನಲ್ಲಿ ಬಡ್ಡಿ ಅರ್ಧ ಪರ್ಸೆಂಟು ಹೆಚ್ಚು ಎಂದು ನಾನು ಈ ಕಂಪನಿಗೆ ಬಂದಿದ್ದೆ. ಅರ್ಧ ಉಳಿಸಲು ಹೋಗಿ ಎರಡು ಕಳಕೊಂಡೆ.

ಕ್ಯಾಲ್ಕುಲೇಟರಿನಲ್ಲಿ ಇಷ್ಟೆಲ್ಲ ಮಾಡಲು ಬರದಿದ್ದರೂ ಚಿಂತೆಯಿಲ್ಲ. ಸಹಿ ಹಾಕುವ ಮೊದಲು ಎದುರಿಗೆ ಕೂತವನನ್ನು ಎರಡೇ ಸಂಖ್ಯೆ ಕೇಳಿ: ಈ ವಿಮೆ ಸೇರಿಸಿದರೆ ಕಂತು ಎಷ್ಟು, ತೆಗೆದರೆ ಕಂತು ಎಷ್ಟು. ಎರಡರ ವ್ಯತ್ಯಾಸವನ್ನು ಒಟ್ಟು ಕಂತುಗಳಿಂದ ಗುಣಿಸಿ. ಅದು ವಿಮೆಯ ನಿಜವಾದ ಬೆಲೆ. ಅವರ ಮೊಬೈಲಿನಲ್ಲಿ ಇದು ಅರ್ಧ ನಿಮಿಷದ ಕೆಲಸ. ಹೇಳಲು ಹಿಂಜರಿದರೆ ಅದೇ ಒಂದು ಉತ್ತರ.

ಬರಗಾಲದಲ್ಲಿ ಗೊತ್ತಾದದ್ದು

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಹೆಚ್ಚಿನ ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ನಮ್ಮ ಮೆಕ್ಕೆಜೋಳ ಹಾಕಿದ ಖರ್ಚನ್ನೂ ಕೊಡಲಿಲ್ಲ. ನವೆಂಬರಿನಲ್ಲಿ ಕಟ್ಟಬೇಕಿದ್ದ ನಾಲ್ಕನೆಯ ಕಂತನ್ನು ಅಡಿಕೆ ಮಾರಿ ಜನವರಿಯಲ್ಲಿ ಕಟ್ಟಿದೆ. ತಡವಾದದ್ದಕ್ಕೆ ದಂಡ ಬೇರೆ.

ಆ ಎರಡು ತಿಂಗಳಲ್ಲಿ ಒಂದು ರಾತ್ರಿ ನಿದ್ದೆ ಬರದೆ ವಿಮಾ ಪ್ರಮಾಣಪತ್ರ ತೆಗೆದು ಓದಿದೆ. ಹಿಂಬದಿಯಲ್ಲಿ ಒಂದು ಕೋಷ್ಟಕ ಇತ್ತು. ಎಷ್ಟನೆಯ ತಿಂಗಳು ಸತ್ತರೆ ಎಷ್ಟು ಸಿಗುತ್ತದೆ ಎಂಬ ಪಟ್ಟಿ. ಮೊತ್ತ ಇಳಿಯುತ್ತಾ ಹೋಗುತ್ತದೆ. ನಾಲ್ಕನೆಯ ಕಂತಿನ ದಿನ ದಾಟಿದ ಮೇಲೆ ಸುಮಾರು 3 ಲಕ್ಷ 56 ಸಾವಿರ ಎಂದಿತ್ತು. ಕಂತು ಕಟ್ಟದ ನನ್ನ ತಲೆಯ ಮೇಲೆ ಅವತ್ತು ಇದ್ದದ್ದು 4 ಲಕ್ಷ 31 ಸಾವಿರ, ದಂಡ ಬಿಟ್ಟು.

ಕಂತು ತಪ್ಪದೆ ಕಟ್ಟಿದರೆ ಎಷ್ಟು ಬಾಕಿ ಇರಬೇಕೋ ಅಷ್ಟಕ್ಕೆ ಮಾತ್ರ ಈ ವಿಮೆ. ಕಟ್ಟಲು ಆಗದೆ ಉಳಿದ ಕಂತಿಗೆ, ಅದರ ಬಡ್ಡಿಗೆ, ದಂಡಕ್ಕೆ ಇದು ಬರುವುದಿಲ್ಲ. ತಿಂಗಳ ಸಂಬಳದವರಿಗೆ ಇದು ದೊಡ್ಡ ಸಂಗತಿ ಅಲ್ಲ. ಮಳೆ ನೋಡಿ ಕಂತು ಕಟ್ಟುವ ನಮಗೆ ದೊಡ್ಡದು. ಮನೆಯ ಯಜಮಾನನಿಗೆ ಜೀವ ಭಾರ ಅನ್ನಿಸುವುದೇ ಬಾಕಿ ಏರಿದ ವರ್ಷದಲ್ಲಿ, ಪಟ್ಟಿಯ ಮೊತ್ತ ಸಾಲಕ್ಕಿಂತ ಕೆಳಗೆ ಬೀಳುವುದೂ ಅದೇ ವರ್ಷದಲ್ಲಿ.

ಅವತ್ತು ಓದುವಾಗ ಇನ್ನೊಂದನ್ನೂ ಗಮನಿಸಿದೆ. "ನನಗೆ ಯಾವುದೇ ಕಾಯಿಲೆ ಇಲ್ಲ" ಎಂಬ ಆರೋಗ್ಯ ಘೋಷಣೆಯ ಕೆಳಗೆ ನನ್ನ ಸಹಿ ಇತ್ತು. ನನಗೆ ಏಳು ವರ್ಷದಿಂದ ಬಿ.ಪಿ. ಮಾತ್ರೆ ಇದೆ. ಹುಡುಗ ಕೇಳಲೇ ಇಲ್ಲ, ಎಲ್ಲ ಸಾಲಿಗೂ "ಇಲ್ಲ" ಎಂದು ತಾನೇ ಗೀಟು ಹಾಕಿಕೊಂಡಿದ್ದ. ವಿಮೆ ಶುರುವಾಗಿ ಮೂರು ವರ್ಷ ದಾಟಿದ ಮೇಲೆ ಇಂಥ ಕಾರಣ ಹೇಳಿ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ವಿಮಾ ಕಾಯಿದೆಯ 45ನೆಯ ಕಲಮಿನಲ್ಲಿ ಹಾಗಿದೆ. ಮೂರು ವರ್ಷದ ಒಳಗಾದರೆ ಪ್ರಶ್ನಿಸಬಹುದು. ಐದು ವರ್ಷದ ವಿಮೆಯಲ್ಲಿ ಮೊದಲ ಮೂರು ವರ್ಷ, ಸಾಲ ಹೆಚ್ಚಿರುವ ವರ್ಷಗಳೇ, ಆ ಒಂದು ಗೀಟಿನ ಮೇಲೆ ನಿಂತಿದ್ದವು. ಮಾತ್ರೆ ತಿನ್ನುವವರು ಮಾತ್ರೆ ತಿನ್ನುತ್ತೇನೆಂದೇ ಬರೆಸಿ. ಪ್ರೀಮಿಯಂ ಸ್ವಲ್ಪ ಏರಬಹುದು, ಕೊಡುವುದಿಲ್ಲ ಎನ್ನಲೂಬಹುದು. ಆದರೆ ದುಡ್ಡು ಕೊಟ್ಟೂ ಇಲ್ಲದ ವಿಮೆಯನ್ನು ನಂಬಿ ಕೂರುವುದು ತಪ್ಪುತ್ತದೆ.

ಯಾರ ಜೀವದ ಮೇಲೆ ವಿಮೆ ಎಂಬುದನ್ನೂ ನೋಡಿಕೊಳ್ಳಬೇಕು. ನಮ್ಮ ಕೇರಿಯಲ್ಲೇ ಒಬ್ಬರ ಮನೆಯಲ್ಲಿ ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದೆ. ಹಾಗಾಗಿ ಸಾಲವೂ ಅರವತ್ತೆರಡರ ತಂದೆಯ ಹೆಸರಿನಲ್ಲಿ, ವಿಮೆಯೂ ಅವರದ್ದೇ. ವಯಸ್ಸಿಗೆ ತಕ್ಕ ಹಾಗೆ ಪ್ರೀಮಿಯಂ ಜಾಸ್ತಿ. ಗಾಡಿ ಓಡಿಸಿ ಕಂತು ಕಟ್ಟುವವನು ಮಗ. ಅವನಿಗೆ ಏನಾದರೂ ಆದರೆ ಆ ವಿಮೆಯಿಂದ ಒಂದು ರೂಪಾಯಿಯೂ ಇಲ್ಲ, ಕಂತು ಮಾತ್ರ ತಪ್ಪದೆ ಬರುತ್ತದೆ.

ಬೇಗ ತೀರಿಸಿದಾಗ

2024ರ ನವೆಂಬರಿನಲ್ಲಿ ಆರನೆಯ ಕಂತು ಕಟ್ಟಿದೆವು. ಮಾವನವರ ಮನೆಯ ಪಾಲು ಬಂದಿತ್ತು. ಉಳಿದ ಸಾಲವನ್ನೂ ಒಟ್ಟಿಗೇ ಮುಗಿಸೋಣ ಎಂದು ಹೆಂಡತಿ ಹೇಳಿದಳು. ಕೇಳಿದಾಗ ಉಳಿದ ಅಸಲು 2,53,187 ಎಂದರು. ಅದರಲ್ಲಿ ಹಳೆಯ ಪ್ರೀಮಿಯಮ್ಮಿನ ಪಾಲೇ 12,056 ರೂಪಾಯಿ ಇತ್ತು. ಅವಧಿಗೆ ಮೊದಲೇ ಮುಗಿಸುವ ಶುಲ್ಕವನ್ನೂ ಉಳಿದ ಅಸಲಿನ ಮೇಲೆ ಹಾಕುತ್ತಾರೆ. ಅಂದರೆ ಪ್ರೀಮಿಯಮ್ಮಿನ ಪಾಲಿಗೂ ಶುಲ್ಕ. ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಸಾಲ ಮುಗಿಯಿತು, ಎನ್‌ಒಸಿ ಕೊಟ್ಟರು. ವಿಮೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಇನ್ನೂ ಎರಡು ವರ್ಷದ ಪ್ರೀಮಿಯಂ ಮೊದಲೇ ಕಟ್ಟಿದ್ದೇವಲ್ಲ, ಅದೇನಾಯಿತು ಎಂದು ಕೇಳಿದಾಗ "ಅದು ವಿಮಾ ಕಂಪನಿಯವರನ್ನ ಕೇಳಿ" ಎಂಬ ಉತ್ತರ. ಪ್ರಮಾಣಪತ್ರದಲ್ಲಿದ್ದ ವಿಳಾಸಕ್ಕೆ ಎನ್‌ಒಸಿಯ ನಕಲು ಇಟ್ಟು ಅರ್ಜಿ ಬರೆದೆ. ಅವರು ಎರಡು ದಾರಿ ತೋರಿಸಿದರು. ಸಾಲ ಇಲ್ಲದಿದ್ದರೂ ಪಟ್ಟಿಯ ಪ್ರಕಾರ ವಿಮೆ ಅವಧಿ ಮುಗಿಯುವವರೆಗೆ ನಡೆಯಲಿ ಎಂದು ಬಿಡಬಹುದು, ಆಗ ಸತ್ತರೆ ಹಣ ನಾಮಿನಿಗೆ. ಅಥವಾ ಸರೆಂಡರ್ ಮಾಡಿ ಸ್ವಲ್ಪ ವಾಪಸ್ ಪಡೆಯಬಹುದು.

ಐದು ವರ್ಷದಲ್ಲಿ ಎರಡು ವರ್ಷ ಉಳಿದಿದೆ, ಐದರಲ್ಲಿ ಎರಡು ಪಾಲು ಅಂದರೆ ಹತ್ತು ಸಾವಿರ ಬರಬಹುದು ಎಂದು ನಾನು ಮನಸ್ಸಿನಲ್ಲೇ ಎಣಿಸಿದ್ದೆ. ಪತ್ರದಲ್ಲಿದ್ದ ಸೂತ್ರ ಬೇರೆ. ಜಿಎಸ್‌ಟಿ ಬಿಟ್ಟು 21,186. ಅದರಲ್ಲಿ ಅರ್ಧ. ಅದನ್ನು ಉಳಿದ ಅವಧಿಯ ಪಾಲಿನಿಂದ, ಅಂದರೆ ಐದರಲ್ಲಿ ಎರಡರಿಂದ ಗುಣಿಸಿದರೆ 4,237. ಅಲ್ಲಿಗೆ ಮುಗಿಯಲಿಲ್ಲ. ವಿಮೆಯ ಮೊತ್ತ ಈಗ ಅರ್ಧಕ್ಕಿಂತ ಕಡಿಮೆ ಆಗಿದೆಯಲ್ಲ, ಆ ಪ್ರಮಾಣದಲ್ಲಿ ಮತ್ತೆ ಕಡಿತ. ಕೊನೆಗೆ ಕೈಗೆ ಬರುವುದು 2,043 ರೂಪಾಯಿ. ಈ ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಅರ್ಧ ಎಂದಿದ್ದ ಕಡೆ ಕೆಲವರು ಎಪ್ಪತ್ತು ಪರ್ಸೆಂಟು ಕೊಡುತ್ತಾರೆ. ಆದರೆ ಉಳಿದ ಕಾಲಕ್ಕೆ ಸರಿಯಾಗಿ ಹಣ ವಾಪಸ್ ಬರುತ್ತದೆ ಎಂದು ಎಣಿಸಬೇಡಿ.

ಹೆಂಡತಿ ಪುಸ್ತಕದಲ್ಲಿ ಹೀಗೆ ಬರೆದಿದ್ದಾಳೆ: ಆರು ಕಂತಿನಲ್ಲಿ ವಿಮೆಗೆ ಹೋದದ್ದು 21,354. ಕೊನೆಗೆ ಒಟ್ಟಿಗೆ ಕಟ್ಟಿದ್ದರಲ್ಲಿ ವಿಮೆಯ ಪಾಲು 12,056. ಒಟ್ಟು 33,410. ವಾಪಸ್ ಸಿಗುವುದು 2,043. ಮೂರು ವರ್ಷದ ವಿಮೆಗೆ ಬಿದ್ದದ್ದು 31,367.

ನಾವು ಸರೆಂಡರ್ ಮಾಡಲಿಲ್ಲ. ಎರಡು ಸಾವಿರಕ್ಕೆ ಎರಡು ವರ್ಷದ ವಿಮೆ ಬಿಡುವುದು ಲಾಭವಲ್ಲ ಎಂದು ಮಗಳು ಹೇಳಿದಳು, ನನಗೂ ಸರಿ ಅನ್ನಿಸಿತು. ನಾಮಿನಿಯ ಹೆಸರು ಮಾತ್ರ ಸರಿ ಇದೆಯೇ ಎಂದು ಬರೆಸಿ ಖಾತ್ರಿ ಮಾಡಿಕೊಂಡೆವು.

ಸಾಲವನ್ನು ಸಾಲದಿಂದಲೇ ತೀರಿಸುವವರಿಗೆ ಪೆಟ್ಟು ಇನ್ನೂ ಹೆಚ್ಚು. ಮೂರನೆಯ ವರ್ಷ ಕಂಪನಿಯವರೇ ಬಂದು "ಹಳೆಯದನ್ನು ಮುಗಿಸಿ ಹೊಸದಾಗಿ ಮಾಡಿಕೊಡ್ತೀವಿ, ಕೈಗೆ ಒಂದು ಲಕ್ಷ ಬರುತ್ತೆ" ಎನ್ನುತ್ತಾರೆ. ಹೊಸ ಸಾಲದ ಇಡೀ ಮೊತ್ತಕ್ಕೆ ಹೊಸ ಪ್ರೀಮಿಯಂ ಸೇರುತ್ತದೆ. ಹಳೆಯ ಪ್ರೀಮಿಯಮ್ಮಿನಲ್ಲಿ ತೀರದೆ ಉಳಿದ ಪಾಲು ಹೊಸ ಅಸಲಿನೊಳಗೆ ಕೂತು ಮತ್ತೆ ಬಡ್ಡಿ ಎಳೆಯುತ್ತದೆ. ಹಳೆಯ ವಿಮೆ ಇದೆ ಎಂಬುದೇ ಮರೆತು ಹೋಗಿರುತ್ತದೆ.

ಹಾಗಾದರೆ ವಿಮೆಯೇ ಬೇಡವೇ?

ಬೇಡ ಎಂದು ನಾನು ಹೇಳುವುದಿಲ್ಲ. ನನ್ನ ಭಾವಮೈದ ತೀರಿಕೊಂಡಾಗ ಇಂಥದೇ ವಿಮೆಯಿಂದ ಎರಡು ಲಕ್ಷ ಚಿಲ್ಲರೆ ಸಾಲ ತೀರಿತು. ತಂಗಿ ಪವರ್ ಟಿಲ್ಲರ್ ಮಾರದೆ ಉಳಿಸಿಕೊಂಡಳು. ಕಂತು ಬಾಕಿ ಇರಲಿಲ್ಲ, ಕಾಯಿಲೆಯ ತಕರಾರೂ ಇರಲಿಲ್ಲ, ಹಣ ಬಂತು. ಸಾಲ ಮಾಡಿದ ಮನೆಯಲ್ಲಿ ದುಡಿಯುವವನ ಮೇಲೆ ವಿಮೆ ಇರಬೇಕು. ಅದನ್ನು ಎಲ್ಲಿಂದ, ಯಾವ ದುಡ್ಡಿನಲ್ಲಿ ಕೊಳ್ಳುತ್ತೇವೆ ಎಂಬುದೇ ಪ್ರಶ್ನೆ.

ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಬ್ಯಾಂಕ್ ಖಾತೆ ಇರುವ 18ರಿಂದ 50 ವರ್ಷದೊಳಗಿನ ಎಲ್ಲರಿಗೂ ಸಿಗುತ್ತದೆ, ಸೇರಿದವರಿಗೆ 55ರವರೆಗೆ ನಡೆಯುತ್ತದೆ. ವರ್ಷಕ್ಕೆ 436 ರೂಪಾಯಿ, ಸತ್ತರೆ ನಾಮಿನಿಗೆ ಎರಡು ಲಕ್ಷ. 2022ರ ಜೂನ್‌ಗೆ ಮೊದಲು 330 ಇತ್ತು. ಸಾಲ ಇಳಿದಂತೆ ಈ ಎರಡು ಲಕ್ಷ ಇಳಿಯುವುದಿಲ್ಲ. ಸಾಲ ಐದು ಲಕ್ಷ ಇದ್ದರೆ ಇದೊಂದೇ ಸಾಲದು, ನಿಜ. ಆದರೆ ನನ್ನ ಸಾಲದ ಕೊನೆಯ ಎರಡು ವರ್ಷಕ್ಕೆ ಇದು ಹತ್ತಿರ ಹತ್ತಿರ ಸಾಕಾಗುತ್ತಿತ್ತು. ಉಳಿದದ್ದಕ್ಕೆ ಯಾವುದಾದರೂ ವಿಮಾ ಕಂಪನಿಯ ಸಾದಾ ಟರ್ಮ್ ಪಾಲಿಸಿಯ ಬೆಲೆ ಕೇಳಿ ಹೋಲಿಸಬಹುದು. ಅದರ ಪ್ರೀಮಿಯಂ ವರ್ಷ ವರ್ಷ ಕಟ್ಟುವುದು. ಬೇಡ ಎನಿಸಿದ ವರ್ಷ ನಿಲ್ಲಿಸಬಹುದು, ಸಾಲ ಕೊಟ್ಟವರ ಬಡ್ಡಿ ಅದಕ್ಕೆ ಬೀಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೀಗೆ ಸ್ವಂತ ಹೆಸರಿನಲ್ಲಿ ಮಾಡಿಸುವ ಜೀವವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ. ಗುಂಪು ಪಾಲಿಸಿಗೆ ಆ ವಿನಾಯಿತಿ ಇಲ್ಲ.

ಸಾಲ ಕೊಟ್ಟವರ ವಿಮೆಯೇ ಬೇಕೆನಿಸಿದರೆ, ಪ್ರೀಮಿಯಮ್ಮನ್ನು ಸಾಲಕ್ಕೆ ಸೇರಿಸಬೇಡಿ, ನಗದು ಕಟ್ಟುತ್ತೇನೆ ಎಂದು ಹೇಳಿ ನೋಡಿ. ನನ್ನ ಲೆಕ್ಕದಲ್ಲಿ ಇಷ್ಟರಿಂದಲೇ ಹತ್ತು ಸಾವಿರ ಉಳಿಯುತ್ತಿತ್ತು. ಕೈಯಿಂದ ಎಣಿಸಿ ಕೊಡುವಾಗ ಅದು ಬೇಕೋ ಬೇಡವೋ ಎಂಬ ಯೋಚನೆಯೂ ತಾನಾಗಿ ಬರುತ್ತದೆ. ಅಮೆರಿಕದಲ್ಲಿ ಮನೆ ಸಾಲಕ್ಕೆ ಹೀಗೆ ಒಂದೇ ಕಂತಿನ ವಿಮೆಯನ್ನು ಅಸಲಿಗೆ ಸೇರಿಸುವುದನ್ನು 2010ರ ಕಾನೂನಿನಲ್ಲಿ ನಿಷೇಧಿಸಿದ್ದಾರೆ. ತಿಂಗಳು ತಿಂಗಳು ಬೇರೆಯಾಗಿ ಕಟ್ಟುವ ವಿಮೆಗೆ ಅಲ್ಲೂ ಅಡ್ಡಿ ಇಲ್ಲ.

ಅಣ್ಣನ ಮಗನ ಪಿಕಪ್

2025ರ ಜುಲೈಯಲ್ಲಿ ಅಣ್ಣನ ಮಗ ಬಾಡಿಗೆಗೆ ಓಡಿಸಲು ಪಿಕಪ್ ತೆಗೆದುಕೊಂಡ. ನಾನೂ ಜೊತೆಗೆ ಹೋದೆ. ಅಷ್ಟರಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿತ್ತು. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ದಿಮೆಯ ಅವಧಿ ಸಾಲಗಳಿಗೆ ಕೆಎಫ್‌ಎಸ್ ಎಂಬ ಕಾಗದವನ್ನು ಸಹಿಗೆ ಮೊದಲೇ ಕೊಡಬೇಕು, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಬಡ್ಡಿ ದರವಲ್ಲದೆ ಎಪಿಆರ್ ಎಂಬ ಇನ್ನೊಂದು ದರ ಇರುತ್ತದೆ. ವಿಮೆ, ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಅದು. ಆ ಕಾಗದದಲ್ಲಿ ಇಲ್ಲದ ಶುಲ್ಕವನ್ನು ನಾವು ಸ್ಪಷ್ಟವಾಗಿ ಒಪ್ಪದೆ ಆಮೇಲೆ ಹಾಕುವಂತಿಲ್ಲ. ಕಾಗದ ಕೊಟ್ಟ ಮೇಲೆ ಕಡಿಮೆಯೆಂದರೂ ಮೂರು ಕೆಲಸದ ದಿನ ಆ ಷರತ್ತು ಬದಲಾಗಬಾರದು. ಅಂದರೆ ಮನೆಗೆ ತಂದು ನೋಡಬಹುದು, ಇವತ್ತೇ ಸಹಿ ಹಾಕಿ ಎಂಬ ಅವಸರಕ್ಕೆ ಬೀಳಬೇಕಾಗಿಲ್ಲ. ಊರಿನ ಕೃಷಿ ಪತ್ತಿನ ಸಹಕಾರ ಸಂಘಗಳು ರಿಸರ್ವ್ ಬ್ಯಾಂಕಿನ ಅಡಿಯಲ್ಲಿ ಬರುವುದಿಲ್ಲ, ಹಾಗಾಗಿ ಅಲ್ಲಿ ಈ ಕಾಗದ ಸಿಗುತ್ತದೆ ಎಂದು ಎಣಿಸಬೇಡಿ.

ಹುಡುಗನ ಕಾಗದದಲ್ಲಿ ಬಡ್ಡಿ 12, ಎಪಿಆರ್ 14ರ ಮೇಲೆ ಇತ್ತು. ಇಷ್ಟು ಅಂತರ ಎಲ್ಲಿಂದ ಬಂತು ಎಂದು ಕೆಳಗೆ ನೋಡಿದರೆ ನಮ್ಮ ಹಳೆಯ ನೆಂಟ ಅಲ್ಲೇ ಕೂತಿದ್ದ. ನಾಲ್ಕು ಲಕ್ಷದ ಸಾಲಕ್ಕೆ ಹದಿನಾಲ್ಕು ಸಾವಿರದ ವಿಮೆ. ನಾಲ್ಕು ವರ್ಷ, ತಿಂಗಳ ಕಂತು. ಸೇರಿಸಿದರೆ 10,902, ತೆಗೆದರೆ 10,534. ತಿಂಗಳಿಗೆ 368, ನಲವತ್ತೆಂಟು ತಿಂಗಳಿಗೆ 17,664.

"ಇದು ಬೇಡ, ತೆಗೆದುಬಿಡಿ" ಅಂದೆ.

"ಅಂಕಲ್, ಇದಿಲ್ದೆ ಸಿಸ್ಟಮ್ ತಗೊಳ್ಳಲ್ಲ" ಎಂದಳು ಕೌಂಟರಿನ ಹುಡುಗಿ.

"ಹಾಗಂತ ಒಂದು ಹಾಳೆಯಲ್ಲಿ ಬರೆದು ಸೀಲ್ ಹಾಕಿ ಕೊಡಮ್ಮ. ಬೇರೆ ಕಡೆ ಕೇಳ್ತೀವಿ."

ಅವಳು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದಳು. ಹೊಸ ಕಾಗದ ಬರಲು ಇಪ್ಪತ್ತು ನಿಮಿಷ ಆಯಿತು. ಕಂತು 10,534. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ತಿಂಗಳಿಗೆ ಇಷ್ಟು ವಿಮೆ ಮಾಡಿಸಬೇಕು ಎಂದು ಅವಳ ತಲೆಯ ಮೇಲೂ ಯಾರೋ ಕೂತಿರುತ್ತಾರೆ.

ಎಲ್ಲ ಕಡೆಯೂ ಇಷ್ಟು ಸುಲಭವಾಗಿ ಆಗುವುದಿಲ್ಲ. ಸಹಿ ಆಗಿ ಹೋಗಿದ್ದರೂ ಒಂದು ಬಾಗಿಲು ಇದೆ. ವಿಮಾ ಪ್ರಮಾಣಪತ್ರದಲ್ಲಿ ಫ್ರೀ ಲುಕ್ ಎಂದು ಒಂದು ಅವಧಿ ಬರೆದಿರುತ್ತದೆ, ಈಗ ಸಾಮಾನ್ಯವಾಗಿ ಪತ್ರ ಕೈಗೆ ಬಂದ 30 ದಿನ. ಅಷ್ಟರೊಳಗೆ ಬೇಡ ಎಂದು ಬರೆದು ಕೊಟ್ಟರೆ ಸ್ಟಾಂಪಿನ ಖರ್ಚು, ಕಳೆದ ದಿನಗಳ ವಿಮೆಯ ಪಾಲು ಹಿಡಿದುಕೊಂಡು ಉಳಿದದ್ದನ್ನು ಮರಳಿಸುತ್ತಾರೆ. ಆ ಹಣ ಸಾಲದ ಅಸಲಿಗೆ ಜಮೆ ಆಯಿತೇ, ಕಂತು ಇಳಿಯಿತೇ ಎಂದು ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಬೇಕು. ನನ್ನ ಸಂಗತಿಯಲ್ಲಿ ಪತ್ರ ಮೊಬೈಲಿಗೆ ಬಂದಿತ್ತು, ನಾನು ತೆರೆದೇ ಇರಲಿಲ್ಲ. ಹೆಂಡತಿ ಕೇಳಿದ ದಿನವೇ ಅದನ್ನು ತೆರೆದು ಓದಿದ್ದರೆ ಕಾಲ ಮಿಂಚಿರಲಿಲ್ಲ. ಬಾಯಲ್ಲಿ ಜಗಳಾಡಿ ಸುಮ್ಮನಾದೆ, ಬರೆದು ಕೊಡಲಿಲ್ಲ.

ಒಪ್ಪಿಗೆ ಇಲ್ಲದೆ ಸೇರಿಸಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಕ್ಲೇಮ್ ಹಣದ ತಕರಾರಾದರೆ ಅದು ವಿಮಾ ಓಂಬುಡ್ಸ್‌ಮನ್ ಕೆಲಸ, ಅವರ ಕಚೇರಿ ಬೆಂಗಳೂರಿನಲ್ಲಿದೆ.

ಅಣ್ಣನ ಮಗ ಪಿಕಪ್ ತಂದ ವಾರದಲ್ಲೇ ತನ್ನ ಬ್ಯಾಂಕಿಗೆ ಹೋಗಿ 436 ರೂಪಾಯಿಯ ಜೀವನ ಜ್ಯೋತಿಗೂ, 20 ರೂಪಾಯಿಯ ಅಪಘಾತ ವಿಮೆಗೂ ಅರ್ಜಿ ಕೊಟ್ಟು ಬಂದ. ಉಳಿದ ಎರಡು ಲಕ್ಷಕ್ಕೆ ಟರ್ಮ್ ಪಾಲಿಸಿಯ ಬೆಲೆಯನ್ನು ಮೂರು ಕಡೆ ಕೇಳಿಟ್ಟಿದ್ದಾನೆ. ಮೂರು ಚೀಟಿಗಳೂ ಈಗ ನನ್ನ ಹೆಂಡತಿಯ ಲೆಕ್ಕದ ಪುಸ್ತಕದಲ್ಲಿವೆ.